cos(n/5) ಪೀರಿಯಾಡಿಕ್ ಅಲ್ಲ ಅಂತ ಉತ್ತರದಲ್ಲಿದೆ, ಆದರೆ ಗ್ರಾಫ್‌ನಲ್ಲಿ ಅಲೆ ಚೆನ್ನಾಗೇ ಬರುತ್ತಿದೆಯಲ್ಲ?

ತಲೆನೋವು_ತರಂಗ

ಎಲ್ಲರಿಗೂ ನಮಸ್ಕಾರ. ಸಿಗ್ನಲ್ಸ್ ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದೇನೆ. ಈ ಮೂರು ಪೀರಿಯಾಡಿಕ್ ಹೌದಾ ಅಲ್ವಾ ಹೇಳಿ, ಹೌದಾದರೆ ಫಂಡಮೆಂಟಲ್ ಪೀರಿಯಡ್ ಕೊಡಿ ಅಂತ ಕೇಳಿದ್ದಾರೆ.

(ಅ) x[n] = cos(6πn/35)
(ಆ) x[n] = cos(n/5)
(ಇ) x[n] = sin(πn)

ನಾನು ಮೂರಕ್ಕೂ 2π/ω ಹಾಕಿದೆ. ಮೊದಲನೆಯದಕ್ಕೆ 35/3, ಅಂದರೆ 11.67 ಬಂತು. ಎರಡನೆಯದಕ್ಕೆ 10π, ಅಂದರೆ 31.4. ಮೂರನೆಯದಕ್ಕೆ 2. ಹಿಂದಿನ ಪುಟದ ಉತ್ತರದಲ್ಲಿ ಮೊದಲನೆಯದು 35, ಎರಡನೆಯದು ಪೀರಿಯಾಡಿಕ್ ಅಲ್ಲ, ಮೂರನೆಯದು 2 ಅಂತಿದೆ.

ಸರಿ, 11.67 ಪೂರ್ಣಾಂಕ ಅಲ್ಲ, ಅಷ್ಟು ಒಪ್ಪುತ್ತೇನೆ. ಆದರೆ ಎರಡನೆಯದು ತಲೆಗೆ ಹೋಗುತ್ತಿಲ್ಲ. ಗ್ರಾಫ್ ಹಾಕಿದರೆ ಅಲೆ ಮೇಲೆ ಕೆಳಗೆ ಸರಿಯಾಗಿ ಹೋಗುತ್ತದೆ. n = 31ರಲ್ಲಿ 0.9965 ಬರುತ್ತದೆ. ಅದು 1 ಅಂತಲೇ ಲೆಕ್ಕ ಅಲ್ವಾ? 11.67 ಇದ್ದದ್ದು 35 ಆಗಬಹುದಾದರೆ 31.4ಕ್ಕೆ ಯಾಕೆ ಯಾವ ಉತ್ತರವೂ ಇಲ್ಲ?

ಒಂದೇ_ಸಾಲು

0.9965 ಅಂದರೆ 1 ಅಲ್ಲ. ಮುಗೀತು.

ಲೆಕ್ಕದ_ಪುಟ

ಸುಮ್ನೆ ಹೆದರಬೇಡಿ. ಉಪಾಯ ಸುಲಭ. 2π/ω ಭಿನ್ನರಾಶಿ ಬಂದರೆ ಛೇದದಿಂದ ಗುಣಿಸಿ. 35/3 ಅನ್ನು 3ರಿಂದ ಗುಣಿಸಿದರೆ 35. ಎರಡನೆಯದು 10π. π ಅಂದರೆ 22/7, ಹಾಗಾಗಿ 220/7. 7ರಿಂದ ಗುಣಿಸಿದರೆ 220. ಪೀರಿಯಡ್ 220. ಪುಸ್ತಕದಲ್ಲಿ ಅಚ್ಚಿನ ತಪ್ಪಿರಬೇಕು. cos(220/5) ಹಾಕಿ ನೋಡಿ, 0.9998 ಬರುತ್ತದೆ.

ಡಿಗ್ರಿ_ದಾಸ

ನನ್ನ ಕ್ಯಾಲ್ಕ್ಯುಲೇಟರ್‌ನಲ್ಲಿ 1800ಕ್ಕೆ ಸರಿಯಾಗಿ 1 ಬಂತು. 0.9998 ಅಲ್ಲ, ಪೂರ್ತಿ 1. 3600ಕ್ಕೂ 1. ಪೀರಿಯಡ್ 1800.

ಒಂದೇ_ಸಾಲು

ದಾಸರೇ, ಕ್ಯಾಲ್ಕ್ಯುಲೇಟರ್ ಡಿಗ್ರಿಯಲ್ಲಿದೆ 😄

ಡಿಗ್ರಿ_ದಾಸ

ಇರಲಿ ಬಿಡಿ, cos ಅಂದರೆ cos ತಾನೆ?

ಹಳೇ_ಸೀಮೆಸುಣ್ಣ

ದಾಸರು ಹೇಳಿದ್ದರಲ್ಲಿ ತಮಾಷೆಗಿಂತ ಜಾಸ್ತಿ ಇದೆ, ಆದರೆ ಅದು ಬೇರೆ ಸಿಗ್ನಲ್. ಅದಕ್ಕೆ ಆಮೇಲೆ ಬರೋಣ.

ಮೊದಲು (ಅ). ತರಂಗ, ನೀನು 11.67 ಅಂತ ಹೇಳಿದ್ದು ಸುಳ್ಳಲ್ಲ. ಸ್ಯಾಂಪಲ್‌ಗಳ ಹಿಂದೆ ಒಂದು ನಯವಾದ ಅಲೆ ಎಳೆದರೆ ಅದು 11.67ಕ್ಕೊಮ್ಮೆ ಮರುಕಳಿಸುತ್ತದೆ. ಆದರೆ ನಮ್ಮ ಕೈಯಲ್ಲಿ ಆ ಅಲೆ ಇಲ್ಲ, ಪೂರ್ಣಾಂಕಗಳ ಮೇಲೆ ನಿಂತ ಚುಕ್ಕಿಗಳು ಮಾತ್ರ ಇವೆ. ಎರಡನೇ ತುದಿ 11.67ರಲ್ಲಿ ಬರುತ್ತದೆ, ಅಲ್ಲಿ ಚುಕ್ಕಿಯೇ ಇಲ್ಲ. ಹತ್ತಿರದ ಚುಕ್ಕಿ 12, ಅಲ್ಲಿ ಬೆಲೆ 0.984. ಮೂರನೇ ತುದಿ 23.33ರಲ್ಲಿ. ಹತ್ತಿರದ ಚುಕ್ಕಿ 23, ಅಲ್ಲೂ 0.984. ನಾಲ್ಕನೇ ತುದಿ ಸರಿಯಾಗಿ 35ರಲ್ಲಿ, ಅಲ್ಲಿ ಬೆಲೆ 1. ಅಲೆ ಮೂರು ಸುತ್ತು ಹಾಕಿದ ಮೇಲೆ ಮೊದಲ ಸಲ ತುದಿಯೂ ಚುಕ್ಕಿಯೂ ಒಂದೇ ಜಾಗದಲ್ಲಿ ಸೇರಿದವು. ಅಲ್ಲಿಂದ ಮುಂದೆ ಎಲ್ಲ ಬೆಲೆಗಳೂ ಮೊದಲಿನ ಹಾಗೇ ಬರುತ್ತವೆ.

ಬರೆಯುವುದಾದರೆ: N ಸ್ಯಾಂಪಲ್ ಮುಂದೆ ಹೋದಾಗ ಕೋನ ωN ಜಾಸ್ತಿಯಾಗುತ್ತದೆ. ಅದು 2πಯ ಪೂರ್ತಿ k ಪಟ್ಟು ಆಗಬೇಕು. ωN = 2πk, ಅಂದರೆ ω/2π = k/N. ಇಲ್ಲಿ ω/2π = 3/35. ಇನ್ನು ಚಿಕ್ಕದು ಮಾಡಲು ಆಗಲ್ಲ, ಹಾಗಾಗಿ N = 35, k = 3. 6/70 ಅಂತ ಬರೆದುಕೊಂಡು 70 ಅಂದರೆ ಅದೂ ಒಂದು ಪೀರಿಯಡ್ಡೇ, ಆದರೆ ಫಂಡಮೆಂಟಲ್ ಅಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ, ಭಿನ್ನರಾಶಿಯನ್ನು ಸಂಕ್ಷೇಪಿಸದೆ ಬಿಟ್ಟಾಗ.

ಈಗ (ಆ). ಇಲ್ಲಿ ω/2π = 1/(10π). ಇದು ಯಾವ k/Nಗೂ ಸಮ ಆಗಬೇಕಾದರೆ π = N/(10k) ಆಗಬೇಕು. π ಹಾಗೆ ಬರೆಯಲು ಬರುವ ಸಂಖ್ಯೆಯೇ ಅಲ್ಲ. ಅದು ಅಭಾಗಲಬ್ಧ ಅಂತ ಲ್ಯಾಂಬರ್ಟ್ 1760ರ ದಶಕದಲ್ಲೇ ಸಾಧಿಸಿಟ್ಟಿದ್ದಾನೆ. ಹಾಗಾಗಿ ತುದಿ ಮತ್ತು ಚುಕ್ಕಿ n = 0 ಬಿಟ್ಟರೆ ಇನ್ನೆಲ್ಲೂ ಸೇರುವುದಿಲ್ಲ.

ಲೆಕ್ಕದ_ಪುಟ

ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ. ಎಂಜಿನಿಯರಿಂಗ್‌ನಲ್ಲಿ 0.9998 ಅನ್ನು 1 ಅಂತ ತೆಗೆದುಕೊಳ್ಳದೆ ಬೇರೆ ದಾರಿ ಇದೆಯಾ? ನಾಲ್ಕನೇ ದಶಮಾಂಶದ ತಪ್ಪನ್ನು ಯಾರು ಅಳೆಯುತ್ತಾರೆ?

ಹಳೇ_ಸೀಮೆಸುಣ್ಣ

ಪುಟ ಅವರೇ, ನೀವು n = 220 ಒಂದನ್ನೇ ನೋಡಿದಿರಿ. ಅದು ತುದಿಯ ಹತ್ತಿರದ ಜಾಗ. ತುದಿಯಲ್ಲಿ cos ಚಪ್ಪಟೆಯಾಗಿರುತ್ತದೆ, ಕೋನದಲ್ಲಿ ಸಣ್ಣ ತಪ್ಪಿದ್ದರೂ ಬೆಲೆಯಲ್ಲಿ ಕಾಣಲ್ಲ. ಪೀರಿಯಡ್ 220 ಅಂದರೆ x[n + 220] = x[n] ಅನ್ನುವುದು ಪ್ರತಿಯೊಂದು nಗೂ ನಿಜ ಆಗಬೇಕು. ಇಳಿಜಾರಿನಲ್ಲಿ ನೋಡಿ. x[8] = cos(1.6) = −0.0292. x[228] = cos(45.6) = −0.0469. ನಾಲ್ಕನೇ ದಶಮಾಂಶ ಎಲ್ಲಿ ಬಂತು? ಎರಡನೆಯದರಲ್ಲೇ ವ್ಯತ್ಯಾಸ.

ಇನ್ನೂ ದೊಡ್ಡ ತೊಂದರೆ ಅದಲ್ಲ. 220 ಸ್ಯಾಂಪಲ್‌ಗೆ ಕೋನ 44 ರೇಡಿಯನ್. ಏಳು ಸುತ್ತು ಅಂದರೆ 43.9823. ಪ್ರತಿ 220ಕ್ಕೆ 0.0177 ರೇಡಿಯನ್ ಮುಂದೆ ಜಾರುತ್ತದೆ. ಈ ತಪ್ಪು ಅಲ್ಲೇ ನಿಲ್ಲಲ್ಲ, ಕೂಡುತ್ತಾ ಹೋಗುತ್ತದೆ. 177 ಸಲ ಜಾರಿದರೆ 3.133, ಹೆಚ್ಚುಕಡಿಮೆ π. ಅಂದರೆ n = 177 × 220 = 38940ರಲ್ಲಿ ನಿಮ್ಮ ಪ್ರಕಾರ 1 ಇರಬೇಕು. ನಿಜವಾಗಿ cos(7788) ಎಷ್ಟು ಅಂತ ರೇಡಿಯನ್‌ನಲ್ಲಿ ಹಾಕಿ ನೋಡಿ.

ತಲೆನೋವು_ತರಂಗ

−0.99997 ಬಂತು!! ಪೂರ್ತಿ ಉಲ್ಟಾ.

ಲೆಕ್ಕದ_ಪುಟ

ಹಾಗಾದರೆ 22/7 ಸಾಲದು ಅಷ್ಟೆ. 355/113 ಹಾಕಿ. 3550/113. ಪೀರಿಯಡ್ 3550. cos(710) = 0.999999998. ಇದಕ್ಕೆ ಏನಂತೀರಿ?

ಸಂಶಯಿ

ನನಗೆ ಇದೇ ನಗು ಬರುವುದು. ಮೊದಲು 220 ಅಂದಿರಿ, ಈಗ 3550. ಒಂದು ಸಿಗ್ನಲ್‌ಗೆ ಫಂಡಮೆಂಟಲ್ ಪೀರಿಯಡ್ ಒಂದೇ ಇರಬೇಕು. ನೀವು πಗೆ ಯಾವ ಬೆಲೆ ಹಾಕುತ್ತೀರೋ ಅದರ ಪ್ರಕಾರ ಉತ್ತರ ಬದಲಾಗುತ್ತಿದೆ ಅಂದರೆ ಅದು ಸಿಗ್ನಲ್‌ನ ಗುಣ ಅಲ್ಲ, ನೀವು ಹಾಕಿದ ಬೆಲೆಯ ಗುಣ.

ಬಿಟ್_ಎಣಿಸುವವಳು

ಸಂಶಯಿ ಹೇಳಿದ್ದನ್ನೇ ಕಂಪ್ಯೂಟರ್‌ನಲ್ಲಿ ತೋರಿಸಬಹುದು. ತರಂಗ, ಇದನ್ನು ಓಡಿಸಿ ನೋಡಿ.

```python
from fractions import Fraction
from math import pi

for w in (6*pi/35, 1/5):
    r = Fraction(w / (2*pi))
    for m in (300, 1000, 10000):
        print(r.limit_denominator(m))
```

ಮೊದಲ ωಗೆ ಮೂರು ಸಲವೂ 3/35 ಬರುತ್ತದೆ. ಮಿತಿಯನ್ನು ಹತ್ತು ಲಕ್ಷಕ್ಕೆ ಹಿಗ್ಗಿಸಿದರೂ ಅಲ್ಲಾಡಲ್ಲ. ಎರಡನೆಯದಕ್ಕೆ 7/220, 12/377, 113/3550. ಛೇದಕ್ಕೆ ಎಷ್ಟು ಜಾಗ ಕೊಡುತ್ತೀರೋ ಅಷ್ಟು ದೊಡ್ಡ ಉತ್ತರ ಕೊಡುತ್ತದೆ. ಹೀಗೆ ಓಡಾಡುವ ಉತ್ತರ ಕಂಡರೆ ಅನುಮಾನ ಪಡಿ. ಇದು ಸಾಧನೆ ಅಲ್ಲ, ಬರೀ ಸೂಚನೆ. ನಿಜವಾದ ಪೀರಿಯಡ್ 20000 ಇರುವ ಸಿಗ್ನಲ್ ಕೊಟ್ಟರೂ ಹೀಗೇ ಓಡಾಡಬಹುದು.

ಇನ್ನೊಂದು ವಿಷಯ. limit_denominator ಇಲ್ಲದೆ ಬರೀ Fraction(0.1) ಅಂತ ಕೇಳಿದರೆ 3602879701896397/36028797018963968 ಅನ್ನುತ್ತದೆ, 1/10 ಅಲ್ಲ. ಫ್ಲೋಟ್ ಸಂಖ್ಯೆಗಳೆಲ್ಲ ಭಾಗಲಬ್ಧವೇ, ಹಾಗಾಗಿ 'ಇದು ಭಾಗಲಬ್ಧವಾ' ಅಂತ ಫ್ಲೋಟ್‌ನ್ನು ಕೇಳಿ ಪ್ರಯೋಜನ ಇಲ್ಲ. ಆ ಪ್ರಶ್ನೆಯನ್ನು ಪೆನ್ನು ಹಿಡಿದು ωಯನ್ನೇ ಕೇಳಬೇಕು.

ಒಂದೇ_ಸಾಲು

ω ಒಳಗೆ π ಇದ್ದರೆ ಪೀರಿಯಾಡಿಕ್, ಇಲ್ಲದಿದ್ದರೆ ಅಲ್ಲ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಸಂಶಯಿ

ಸಾಕಾಗಲ್ಲ. cos(√2·πn) ಏನು ಮಾಡುತ್ತೀರಿ? π ಇದೆ, ಆದರೆ ω/2π = √2/2, ಅಭಾಗಲಬ್ಧ. cos(π²n) ಕೂಡ ಹಾಗೇ. πಯ ಪಕ್ಕ ಉಳಿಯುವ ಸಂಖ್ಯೆ ಭಾಗಲಬ್ಧ ಆಗಿರಬೇಕು. ಒಂದೇ ಸಾಲಿನಲ್ಲಿ ಹೇಳುವುದಾದರೆ ಹಾಗೆ ಹೇಳಿ.

ಒಂದೇ_ಸಾಲು

ಪೇಪರ್‌ನಲ್ಲಿ √2 ಕೇಳಲ್ಲ ಬಿಡಿ.

ತಲೆನೋವು_ತರಂಗ

ಕೇಳುತ್ತಾರೆ, ಹೋದ ಸಲ ಕೇಳಿದ್ದರು.

ಮೇಷ್ಟ್ರೇ, ಇನ್ನೊಂದು ಸಂಶಯ. ನೀವು n = 0ರಲ್ಲಿ ತುದಿ ಇದೆ, ಅದು ಮತ್ತೆ ಬರಲ್ಲ ಅಂತ ಹೇಳಿದಿರಿ. cos(n/5 + 1) ಅಂತ ಫೇಸ್ ಕೊಟ್ಟರೆ n = 0ರಲ್ಲಿ ತುದಿಯೇ ಇರಲ್ಲ. ಆಗ ಈ ವಾದ ನಿಲ್ಲುತ್ತದಾ? ಫೇಸ್ ಬದಲಿಸಿದರೆ ಪೀರಿಯಾಡಿಕ್ ಆಗಿಬಿಡಬಹುದಾ?

ಹಳೇ_ಸೀಮೆಸುಣ್ಣ

ಒಳ್ಳೆಯ ಪ್ರಶ್ನೆ, ಮತ್ತು ನಿನ್ನ (ಇ)ಗೆ ಉತ್ತರವೂ ಇದರೊಳಗೇ ಕೂತಿದೆ. x[n] = cos(ωn + φ) ಇರಲಿ. x[n + N] − x[n] ಬರೆದು, ಎರಡು cosಗಳ ವ್ಯತ್ಯಾಸದ ಸೂತ್ರ ಹಾಕು:

x[n + N] − x[n] = −2 · sin(ωN/2) · sin(ωn + φ + ωN/2)

ಇದು ಪ್ರತಿ nಗೂ ಸೊನ್ನೆ ಆಗಬೇಕು. ಎರಡೇ ದಾರಿ. ಒಂದು, sin(ωN/2) ಸೊನ್ನೆ. ಅಂದರೆ ωN = 2πk, ನಮಗೆ ಗೊತ್ತಿರುವ ಷರತ್ತು. ಇದರಲ್ಲಿ φ ಇಲ್ಲವೇ ಇಲ್ಲ ಅನ್ನುವುದನ್ನು ಗಮನಿಸು.

ಎರಡನೇ ದಾರಿ, ಕೊನೆಯ sin ಎಲ್ಲ nಗೂ ಸೊನ್ನೆ. n ಒಂದು ಹೆಜ್ಜೆ ಮುಂದೆ ಹೋದಾಗ ಅದರ ಕೋನ ω ಜಾಸ್ತಿಯಾಗುತ್ತದೆ. ಎರಡು ಕಡೆಯೂ ಸೊನ್ನೆ ಬೇಕಾದರೆ ω ಅನ್ನುವುದು πಯ ಪಟ್ಟು ಆಗಿರಲೇಬೇಕು. 1/5 ಹಾಗಿಲ್ಲ. ಹಾಗಾಗಿ cos(n/5 + φ) ಯಾವ φ ಕೊಟ್ಟರೂ ಪೀರಿಯಾಡಿಕ್ ಆಗಲ್ಲ.

ಆದರೆ ω = π ಇದ್ದಾಗ ಈ ಎರಡನೇ ಬಾಗಿಲು ತೆರೆಯುತ್ತದೆ. cos(πn + φ) ಅಂದರೆ cos φ, −cos φ, cos φ, −cos φ ಅಂತ ಅದಲುಬದಲು. ಸಾಮಾನ್ಯವಾಗಿ ಪೀರಿಯಡ್ 2. cos φ ಸೊನ್ನೆ ಆದರೆ? ಎಲ್ಲ ಸ್ಯಾಂಪಲೂ ಸೊನ್ನೆ. sin(πn) ಅಂದರೆ ಅದೇ: 0, 0, 0, 0. ಇದರ ಫಂಡಮೆಂಟಲ್ ಪೀರಿಯಡ್ 1. ಹಿಂದಿನ ಪುಟದಲ್ಲಿ 2 ಅಂತ ಕೊಟ್ಟವರು ಸೂತ್ರಕ್ಕೆ ಹಾಕಿದ್ದಾರೆ, ಬೆಲೆ ಬರೆದು ನೋಡಿಲ್ಲ.

ಲೆಕ್ಕದ_ಪುಟ

ಇದಕ್ಕೆ ನನ್ನ ವಿರೋಧ ಇದೆ. ಪೂರ್ತಿ ಸೊನ್ನೆ ಇರುವುದಕ್ಕೆ ಪೀರಿಯಡ್ ಅಂತ ಹೇಳುವುದೇ ತಪ್ಪು. ಸ್ಥಿರ ಸಿಗ್ನಲ್‌ಗೆ ಫಂಡಮೆಂಟಲ್ ಪೀರಿಯಡ್ ಇಲ್ಲ ಅಂತಲೇ ನಾವು ಓದಿದ್ದು.

ಹಳೇ_ಸೀಮೆಸುಣ್ಣ

ಅದು ನಿರಂತರ ಕಾಲದ ಮಾತು. ಅಲ್ಲಿ ಎಷ್ಟು ಸಣ್ಣ T ತಗೊಂಡರೂ ಸ್ಥಿರ ಸಿಗ್ನಲ್ ಮರುಕಳಿಸುತ್ತದೆ, ಅತಿ ಸಣ್ಣ T ಅಂತ ಒಂದಿಲ್ಲ. ಇಲ್ಲಿ Nಗೆ 1ಕ್ಕಿಂತ ಕೆಳಗೆ ಹೋಗಲು ಜಾಗವೇ ಇಲ್ಲ. ಅತಿ ಸಣ್ಣದು ಇದೆ, ಅದು 1.

ಲೆಕ್ಕದ_ಪುಟ

ಪರೀಕ್ಷೆಯಲ್ಲಿ 1 ಅಂತ ಬರೆದು, ಮೌಲ್ಯಮಾಪಕರು ಕೈಯಲ್ಲಿ 2 ಇಟ್ಟುಕೊಂಡು ಕೂತಿದ್ದರೆ?

ಹಳೇ_ಸೀಮೆಸುಣ್ಣ

'ಎಲ್ಲ nಗೂ x[n] = 0, ಹಾಗಾಗಿ N = 1' ಅಂತ ಒಂದು ಸಾಲು ಸೇರಿಸಿ ಬರೆಯಲಿ. ಮೌಲ್ಯಮಾಪಕರ ಮನಸ್ಸಿನ ಬಗ್ಗೆ ನನ್ನ ಹತ್ತಿರ ಸೂತ್ರ ಇಲ್ಲ.

ಡಿಗ್ರಿ_ದಾಸ

ನನ್ನ 1800ಕ್ಕೆ ಬರುತ್ತೇನೆ ಅಂದಿದ್ದಿರಿ.

ಹಳೇ_ಸೀಮೆಸುಣ್ಣ

ಬಂದೆ. ಡಿಗ್ರಿಯಲ್ಲಿ ನೀವು ಲೆಕ್ಕ ಹಾಕಿದ್ದು ಪ್ರತಿ ಸ್ಯಾಂಪಲ್‌ಗೆ 1/5 ಡಿಗ್ರಿ ತಿರುಗುವ ಸಿಗ್ನಲ್. ಒಂದು ಸುತ್ತಿಗೆ 360 ಡಿಗ್ರಿ, ಅದು ಪೂರ್ಣಾಂಕ. (1/5)/360 = 1/1800. ಭಾಗಲಬ್ಧ, ಹಾಗಾಗಿ ನಿಜಕ್ಕೂ ಪೀರಿಯಾಡಿಕ್, N = 1800, k = 1. ಸುತ್ತನ್ನು ಪೂರ್ಣಾಂಕದಷ್ಟು ಭಾಗ ಮಾಡಿ, ಆ ಭಾಗಗಳ ಲೆಕ್ಕದಲ್ಲಿ ಹೆಜ್ಜೆ ಇಟ್ಟರೆ ಎಂದಾದರೂ ಹೊರಟ ಜಾಗಕ್ಕೇ ಬರುತ್ತೀರಿ. ರೇಡಿಯನ್‌ನಲ್ಲಿ ಸುತ್ತು 6.2831... ಇದೆ, ಹೆಜ್ಜೆ 0.2 ಇದೆ. ಎರಡಕ್ಕೂ ಸಾಮಾನ್ಯ ಅಳತೆ ಇಲ್ಲ.

ಅಷ್ಟೇ ಅಲ್ಲ, cos(n/5)ನಲ್ಲಿ n = 0ಯಿಂದ ಬಲಗಡೆಗೆ ಹೋದರೆ ಯಾವ ಎರಡು ಸ್ಯಾಂಪಲ್‌ಗಳ ಬೆಲೆಯೂ ಒಂದೇ ಇರಲ್ಲ. ಒಂದು ಸಲ ಬಂದ ಬೆಲೆ ಮತ್ತೆ ಬರುವುದೇ ಇಲ್ಲ. ಬೇಕಾದರೆ cos a = cos b ಯಾವಾಗ ಅಂತ ಬರೆದು ನೋಡಿ.

ಲೂಪ್_ಮಾಸ್ಟರ್

ನಾನು ಸಿಗ್ನಲ್ಸ್ ಓದಿದವನಲ್ಲ, ಆದರೆ ಇದು ನನ್ನದೇ ಕಥೆ ಅನಿಸುತ್ತಿದೆ. ಒಂದು ಗೇಮ್‌ಗೆ 440 ಹರ್ಟ್ಜ್ ಬೀಪ್ ಬೇಕಿತ್ತು. 44100 ಸ್ಯಾಂಪಲ್ ರೇಟ್. 1024 ಸ್ಯಾಂಪಲ್ ಬಫರ್‌ನಲ್ಲಿ sin ತುಂಬಿ ಲೂಪ್ ಹಾಕಿದೆ. ಬೀಪ್ ಬದಲು ಜೀರುಂಡೆ ಥರ ಗರಗರ ಅಂತು. ಆಮೇಲೆ ಒಂದೇ ಸುತ್ತು ಸಾಕು ಅಂತ 100 ಸ್ಯಾಂಪಲ್ ಇಟ್ಟೆ. ಗರಗರ ಹೋಯಿತು, ಆದರೆ ಬೇರೆ ವಾದ್ಯದ ಜೊತೆ ಹಾಕಿದಾಗ ಶ್ರುತಿ ಸೇರುತ್ತಿರಲಿಲ್ಲ. ಸೆಕೆಂಡಿಗೊಂದು ಸಲ ಏರಿಳಿತ. ಕಾರಣ ಇದೇನಾ?

ಬಿಟ್_ಎಣಿಸುವವಳು

ಇದೇ. ನಿಮ್ಮ ω/2π ಅಂದರೆ 440/44100. ಮ.ಸಾ.ಅ. 20. ಭಾಗಿಸಿದರೆ 22/2205. ಫಂಡಮೆಂಟಲ್ ಪೀರಿಯಡ್ 2205 ಸ್ಯಾಂಪಲ್, ಅದರಲ್ಲಿ 22 ಸುತ್ತು. ಅಂದರೆ 50 ಮಿಲಿಸೆಕೆಂಡ್. ಅಷ್ಟು ಉದ್ದದ ಬಫರ್ ಇಟ್ಟು ಲೂಪ್ ಹಾಕಿ, ಜೋಡಣೆಯ ಜಾಗ ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ.

1024ರಲ್ಲಿ 10.217 ಸುತ್ತು ಹಿಡಿಯುತ್ತದೆ. ಆ 0.217 ಅಂದರೆ 78 ಡಿಗ್ರಿ. ಬಫರ್ ಮುಗಿದ ತಕ್ಷಣ ಬರಬೇಕಿದ್ದ ಬೆಲೆ 0.978, ಬಂದದ್ದು 0. ಈ ಜಿಗಿತ ಸೆಕೆಂಡಿಗೆ 43 ಸಲ. ಅದೇ ನಿಮ್ಮ ಜೀರುಂಡೆ.

100 ಸ್ಯಾಂಪಲ್‌ನ ಕಥೆ ಬೇರೆ. ಅಲ್ಲಿ ಜಿಗಿತ ಸಣ್ಣದು, 0.014ರಷ್ಟು, ಕಿವಿಗೆ ಬೀಳಲ್ಲ. ಆದರೆ 100ಕ್ಕೊಮ್ಮೆ ಮರುಕಳಿಸುವ ಸಿಗ್ನಲ್ ಅಂದರೆ 44100/100 = 441 ಹರ್ಟ್ಜ್. ನೀವು ಕೇಳಿದ್ದು 440, ಸಿಕ್ಕಿದ್ದು 441. ಪಕ್ಕದ ವಾದ್ಯ 440. ಸೆಕೆಂಡಿಗೊಂದು ಏರಿಳಿತ ಅಲ್ಲಿಂದ.

ತಲೆನೋವು_ತರಂಗ

ಓಹ್, 11.67 ಬದಲು 12 ಅಂತ ದುಂಡು ಮಾಡಿ ಬರೆದಿದ್ದರೆ ಇದೇ ತಪ್ಪಾಗುತ್ತಿತ್ತು.

ಲೂಪ್_ಮಾಸ್ಟರ್

2205 ಹಾಕಿದೆ, ನಯವಾಗಿ ಬಂತು. ತುಂಬಾ ಥ್ಯಾಂಕ್ಸ್ ಮೇಡಂ. ಈಗ ಇದೇ ಥರ ಕೆಳಗಿನ C ಸ್ವರಕ್ಕೂ ಬೇಕು. 261.63 ಹರ್ಟ್ಜ್. ಲೆಕ್ಕ ಹಾಕಿದರೆ 490000 ಸ್ಯಾಂಪಲ್ ಬಂತು! 11 ಸೆಕೆಂಡಿನ ಬಫರ್? ಎಲ್ಲೋ ತಪ್ಪಾಗಿದೆ ಅಲ್ವಾ?

ಬಿಟ್_ಎಣಿಸುವವಳು

ತಪ್ಪಾಗಿಲ್ಲ. 26163/4410000, ಮ.ಸಾ.ಅ. 9, ಉಳಿದದ್ದು 2907/490000. ಸ್ವರದ ಫ್ರೀಕ್ವೆನ್ಸಿ ಚಿಕ್ಕದಾಯಿತು, ಪೀರಿಯಡ್ 2205ರಿಂದ 490000ಕ್ಕೆ ಹಾರಿತು. ನಿರಂತರ ಕಾಲದಲ್ಲಿ ಫ್ರೀಕ್ವೆನ್ಸಿ ಸ್ವಲ್ಪ ಬದಲಾದರೆ ಪೀರಿಯಡ್ಡೂ ಸ್ವಲ್ಪ ಬದಲಾಗುತ್ತದೆ. ಇಲ್ಲಿ ಹಾಗಲ್ಲ, ಛೇದ ಏನಾಗುತ್ತದೋ ಅದೇ ಪೀರಿಯಡ್.

ಸಂಶಯಿ

ಅದೂ ದುಂಡು ಮಾಡಿದ ಸಂಖ್ಯೆ. 12 ಸಮಪಾಲಿನ ಶ್ರುತಿಯಲ್ಲಿ ಆ ಸ್ವರ 440ನ್ನು 2ರ 9/12 ಘಾತದಿಂದ ಭಾಗಿಸಿದ್ದು. 261.6256 ಚಿಲ್ಲರೆ, ಅಭಾಗಲಬ್ಧ. 44100ರಿಂದ ಭಾಗಿಸಿದರೂ ಅಭಾಗಲಬ್ಧವೇ. ಈ ಶ್ರುತಿಯಲ್ಲಿ 440 ಮತ್ತು ಅದರ ಮೇಲೆ ಕೆಳಗಿನ ಸ್ಥಾಯಿಗಳ ಅದೇ ಸ್ವರ ಬಿಟ್ಟರೆ ಉಳಿದ 11 ಸ್ವರಗಳಲ್ಲಿ ಒಂದೂ ಸ್ಯಾಂಪಲ್ ಮಾಡಿದ ಮೇಲೆ ಪೀರಿಯಾಡಿಕ್ ಆಗಿ ಉಳಿಯಲ್ಲ. ಸರಿಯಾದ ಲೂಪ್ ಉದ್ದ ಅಂತ ಒಂದು ಇಲ್ಲವೇ ಇಲ್ಲ.

ಲೂಪ್_ಮಾಸ್ಟರ್

ಹಾಗಾದರೆ ಎಲ್ಲರೂ ಹೇಗೆ ಲೂಪ್ ಮಾಡುತ್ತಾರೆ ಮಾರಾಯ್ರೇ?

ಬಿಟ್_ಎಣಿಸುವವಳು

ಸ್ವರವನ್ನೇ ಚೂರು ಬಗ್ಗಿಸಿ. ಒಂದು ಸುತ್ತಿಗೆ 168.5615 ಸ್ಯಾಂಪಲ್. 16 ಸುತ್ತಿಗೆ 2696.984. ಅದು 2697ಕ್ಕೆ ತುಂಬಾ ಹತ್ತಿರ. 2697 ಸ್ಯಾಂಪಲ್‌ನಲ್ಲಿ ಸರಿಯಾಗಿ 16 ಸುತ್ತು ತುಂಬಿ. ಆಗ ಸ್ವರ 261.6240. ನಿಜವಾದದ್ದರ ಜೊತೆ ನುಡಿಸಿದರೆ ಏರಿಳಿತ ಒಂದು ಸಲ ಆಗಲು ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಕು. ಬಫರ್ 61 ಮಿಲಿಸೆಕೆಂಡ್.

ಮುಖ್ಯ ವಿಷಯ, 261.6256 ಹರ್ಟ್ಜ್ ಸಿಗ್ನಲ್ ತಯಾರಿಸಿ 2697ರಲ್ಲಿ ಕತ್ತರಿಸಬೇಡಿ. ಮೊದಲೇ ω = 2π·16/2697 ಅಂತ ಇಟ್ಟುಕೊಂಡು ತುಂಬಿ. ಆಗ ಜೋಡಣೆಯಲ್ಲಿ ತಪ್ಪು ಸೊನ್ನೆ.

ಲೆಕ್ಕದ_ಪುಟ

ನೋಡಿದಿರಾ? ಕೊನೆಗೆ ನೀವೂ ಹತ್ತಿರದ ಭಿನ್ನರಾಶಿಯನ್ನೇ ಹಾಕಿದಿರಿ. ನಾನು 22/7 ಹಾಕಿದಾಗ ಎಲ್ಲರೂ ಮೇಲೆ ಬಿದ್ದಿರಿ.

ಸಂಶಯಿ

ಅವರು ಸಿಗ್ನಲ್‌ನ್ನೇ ಬದಲಿಸಿ, ಬದಲಿಸಿದ್ದೇನೆ ಅಂತ ಹೇಳಿದ್ದಾರೆ. ನೀವು ಸಿಗ್ನಲ್ ಹಾಗೇ ಇಟ್ಟು ಅದಕ್ಕೆ ಇಲ್ಲದ ಪೀರಿಯಡ್ ಅಂಟಿಸಿದಿರಿ.

ಬಿಟ್_ಎಣಿಸುವವಳು

ಪುಟ ಅವರ ಮಾತನ್ನು ಪೂರ್ತಿ ತಳ್ಳಿಹಾಕಲ್ಲ. ನಾನು ಕೆಲಸ ಮಾಡುವುದು ಹಾರ್ಡ್‌ವೇರ್‌ನಲ್ಲಿ ತರಂಗ ಉತ್ಪಾದಿಸುವ ಕಡೆ. ಅಲ್ಲಿ 32 ಬಿಟ್‌ನ ಫೇಸ್ ಅಕ್ಯುಮ್ಯುಲೇಟರ್ ಇರುತ್ತದೆ. ಪ್ರತಿ ಕ್ಲಾಕ್‌ಗೆ ಒಂದು ಪೂರ್ಣಾಂಕ M ಕೂಡಿಸುತ್ತದೆ, 2^32 ದಾಟಿದರೆ ಸುತ್ತಿಕೊಂಡು ಮೊದಲಿಗೆ ಬರುತ್ತದೆ. ದಾಸರ ಡಿಗ್ರಿಯ ಹಾಗೇ, 360ರ ಬದಲು 2^32 ಭಾಗ. ಹಾಗಾಗಿ ಅದರಿಂದ ಹೊರಬರುವುದೆಲ್ಲ ಪೀರಿಯಾಡಿಕ್ಕೇ. ಪೀರಿಯಡ್ ಅಂದರೆ 2^32ನ್ನು M ಮತ್ತು 2^32ರ ಮ.ಸಾ.ಅ.ದಿಂದ ಭಾಗಿಸಿದ್ದು. M ಬೆಸ ಸಂಖ್ಯೆ ಆದರೆ ಪೂರ್ತಿ 4294967296 ಸ್ಯಾಂಪಲ್, 100 ಮೆಗಾಹರ್ಟ್ಜ್ ಕ್ಲಾಕ್‌ನಲ್ಲಿ 43 ಸೆಕೆಂಡ್. M = 2^30 ಆದರೆ ಬರೀ 4.

ಅಲ್ಲಿ cos(n/5) ಅನ್ನುವುದು ಇರಲಿಕ್ಕೇ ಸಾಧ್ಯ ಇಲ್ಲ. ಅದರ ಹತ್ತಿರದ ನೆಂಟ ಮಾತ್ರ ಇರುತ್ತದೆ.

ಲೆಕ್ಕದ_ಪುಟ

ಅದನ್ನೇ ನಾನೂ ಹೇಳಿದ್ದು. ಪ್ರಪಂಚದಲ್ಲಿ ಎಲ್ಲವೂ ಪೀರಿಯಾಡಿಕ್.

ಹಳೇ_ಸೀಮೆಸುಣ್ಣ

ಆ ಯಂತ್ರದಲ್ಲಿ, ಹೌದು. ಪ್ರಶ್ನೆಪತ್ರಿಕೆಯಲ್ಲಿ ಯಂತ್ರ ಇಲ್ಲ, cos(n/5) ಇದೆ.

ತಲೆನೋವು_ತರಂಗ

ಇನ್ನೊಂದೇ ಕೇಳಿ ಬಿಡುತ್ತೇನೆ. ಎರಡು ಸಿಗ್ನಲ್ ಕೂಡಿಸಿದರೆ ಲ.ಸಾ.ಅ. ತಾನೆ? ಪೀರಿಯಡ್ 10 ಮತ್ತು 15 ಇದ್ದರೆ 30? ಎರಡರಲ್ಲಿ ಒಂದು ಪೀರಿಯಾಡಿಕ್ ಅಲ್ಲದಿದ್ದರೆ ಮೊತ್ತವೂ ಅಲ್ಲ?

ಸಂಶಯಿ

ಎರಡನೆಯದು ಸರಿ. ಮೊತ್ತ ಪೀರಿಯಾಡಿಕ್ ಆಗಿದ್ದು ಒಂದು ಭಾಗವೂ ಪೀರಿಯಾಡಿಕ್ ಆಗಿದ್ದರೆ, ಕಳೆದಾಗ ಉಳಿಯುವುದೂ ಪೀರಿಯಾಡಿಕ್ ಆಗಲೇಬೇಕಲ್ಲ. ಆದರೆ ಎರಡೂ ಪೀರಿಯಾಡಿಕ್ ಅಲ್ಲದಿದ್ದರೆ ಏನೂ ಹೇಳಲಾಗಲ್ಲ. cos²(n/5) ಮತ್ತು sin²(n/5) ಎರಡೂ ಪೀರಿಯಾಡಿಕ್ ಅಲ್ಲ, ಕೂಡಿಸಿದರೆ 1.

ಹಳೇ_ಸೀಮೆಸುಣ್ಣ

ಲ.ಸಾ.ಅ. ಕೂಡಿಸುವಾಗ ನಂಬಬಹುದು, ಎರಡೂ ಬೇರೆ ಬೇರೆ ಫ್ರೀಕ್ವೆನ್ಸಿಯ ಸೈನುಸಾಯ್ಡ್ ಆಗಿದ್ದು, ಯಾವುದೂ sin(πn) ಥರ ಪೂರ್ತಿ ಸೊನ್ನೆ ಆಗಿರದಿದ್ದರೆ. ಬೇರೆ ಬೇರೆ ಅಂದರೆ ಬರೆದದ್ದರಲ್ಲಿ ಅಲ್ಲ, ಬೆಲೆಗಳಲ್ಲಿ. cos(πn/4) ಮತ್ತು cos(9πn/4) ಕಾಗದದ ಮೇಲೆ ಎರಡು, ಸ್ಯಾಂಪಲ್‌ಗಳಲ್ಲಿ ಒಂದೇ. ಗುಣಿಸುವಾಗ ಮಾತ್ರ ನಂಬಬೇಡ. cos(πn/2)ಗೆ ಪೀರಿಯಡ್ 4, ಆದರೆ ಅದರ ವರ್ಗ 1, 0, 1, 0. ಪೀರಿಯಡ್ 2. ಗುಣಲಬ್ಧ ಕಂಡರೆ ಮೊದಲು ಮೊತ್ತವಾಗಿ ಬಿಡಿಸು, ಆಮೇಲೆ ಲ.ಸಾ.ಅ.

ತಲೆನೋವು_ತರಂಗ

ಹಾಗಾದರೆ cos(6πn/35)·cos(n/5)? ಬಿಡಿಸಿದರೆ 6π/35 + 1/5 ಮತ್ತು 6π/35 − 1/5 ಬರುತ್ತದೆ. ಎರಡೂ πಯ ಭಾಗಲಬ್ಧ ಪಟ್ಟು ಅಲ್ಲ. ಎರಡೂ ಪೀರಿಯಾಡಿಕ್ ಅಲ್ಲದಿದ್ದರೆ ಏನೂ ಹೇಳಲಾಗಲ್ಲ ಅಂತ ಸಂಶಯಿ ಅವರು ಹೇಳಿಬಿಟ್ಟರಲ್ಲ, ಈಗೇನು ಮಾಡಲಿ?

ಸಂಶಯಿ

ಬಿಡಿಸದೇ ನೋಡಿ. ಗುಣಲಬ್ಧಕ್ಕೆ ಪೀರಿಯಡ್ N ಇದೆ ಅಂದುಕೊಳ್ಳಿ. n = 35N ತಗೊಳ್ಳಿ. ಅಲ್ಲಿ ಮೊದಲ cos 1 ಆಗುತ್ತದೆ, ಯಾಕಂದರೆ ಅದು 35ರ ಪಟ್ಟು. ಗುಣಲಬ್ಧ x[0] = 1ಕ್ಕೆ ಸಮ ಆಗಬೇಕು. ಹಾಗಾದರೆ cos(7N) = 1 ಆಗಬೇಕು. ಮತ್ತೆ π ಭಾಗಲಬ್ಧ ಆಗಬೇಕಾಯಿತು.

ಒಂದೇ_ಸಾಲು

ಪೀರಿಯಾಡಿಕ್ ಅಲ್ಲ ಅಂತ ಎರಡೇ ಪದದಲ್ಲಿ ಹೇಳಬಹುದಿತ್ತು.

ಲೂಪ್_ಮಾಸ್ಟರ್

2697 ಕೆಲಸ ಮಾಡಿತು. ಈಗ C ಮತ್ತು 440 ಎರಡನ್ನೂ ಒಂದೇ ಬಫರ್‌ನಲ್ಲಿ ಹಾಕಿ ಲೂಪ್ ಮಾಡಲು ಹೊರಟೆ. 2205 ಮತ್ತು 2697ರ ಲ.ಸಾ.ಅ. ತೆಗೆದರೆ ಎರಡು ಮಿಲಿಯನ್ ಹತ್ತಿರ ಬರುತ್ತಿದೆ. ಯಾರಾದರೂ ಇದ್ದೀರಾ?

ಬಿಟ್_ಎಣಿಸುವವಳು

ಎರಡು ಬಫರ್ ಇಡಿ, ಆಮೇಲೆ ಕೂಡಿಸಿ.